ಐಸಿನ ಪಾಠದ ನಾಲ್ಕನೆಯ ಕರಡು

ಅನುವಾದವಾಗಿ ಬಂದ ಪಾಠವನ್ನು ಮಕ್ಕಳ ಮಟ್ಟಕ್ಕೆ ಇಳಿಸಿಕೊಡಿ ಎಂದು ಯಾರಾದರೂ ನನ್ನನ್ನು ಕೇಳಿದರೆ ಈಗ ನಾನು ಬೇರೆ ಮಾತು ಎತ್ತುತ್ತೇನೆ. 2006ರಲ್ಲಿ ಅಷ್ಟು ಬುದ್ಧಿ ಇರಲಿಲ್ಲ. ಆಗ ಗಂಗೊಳ್ಳಿ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಬೆಳಿಗ್ಗೆ ಕುಂದಾಪುರದಿಂದ ದೋಣಿಯಲ್ಲಿ ಹೊಳೆ ದಾಟಿ ಹೋಗುವುದು, ಸಂಜೆ ದೋಣಿಯಲ್ಲೇ ವಾಪಸ್ ಬರುವುದು. ಇದರ ನಡುವೆ ನನ್ನ ತಲೆಗೆ ಬಂದು ಕುಳಿತದ್ದು ಆರನೆಯ ಪಾಠ.

ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ವಲಯದ ಟೀಚರುಗಳು ಸೇರಿ ಆರು ಮತ್ತು ಏಳನೇ ತರಗತಿಗೆ ವಿಜ್ಞಾನದ ಒಂದು ಪೂರಕ ಓದಿನ ಪುಸ್ತಕ ಮಾಡಬೇಕು ಎಂದು ಯಾರೋ ಮೇಲಿನವರು ತೀರ್ಮಾನಿಸಿದ್ದರು. ಹತ್ತು ಪಾಠ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದವರು ನಿವೃತ್ತ ಲೆಕ್ಚರರ್ ಉಮಾನಾಥರು. ಕೆಲಸದ ಉಸ್ತುವಾರಿ ಭೋಜ ಶೆಟ್ಟರದ್ದು. ಶೆಟ್ಟರು ಒಳ್ಳೆಯವರೇ. ಆದರೆ ಅವರ ಹತ್ತಿರ ಯಾವ ಕೆಲಸಕ್ಕೂ ಒಂದು ನಮೂನೆ ಇರುತ್ತಿತ್ತು, ನಮೂನೆಯಲ್ಲಿ ಸಹಿ ಬಿದ್ದರೆ ಕೆಲಸ ಮುಗಿದಂತೆ. ಮೊದಲು ಉಮಾನಾಥರು ಅನುವಾದಕ್ಕೆ ವಿಜ್ಞಾನದ ಸಹಿ ಹಾಕಬೇಕು. ಆಮೇಲೆ ನಾವು ಭಾಷೆ ಇಳಿಸಬೇಕು. ಮಕ್ಕಳ ಹತ್ತಿರ ಓದಿಸಿ ನೋಡಬೇಕು. ಕೊನೆಗೆ ಬೈಂದೂರಿನ ಕನ್ನಡ ಟೀಚರ್ ಪುಷ್ಪ ಭಾಷೆಯ ಸಹಿ ಹಾಕಬೇಕು. ಅಲ್ಲಿಂದ ಸೀದಾ ಬ್ರಹ್ಮಾವರದ ಪ್ರೆಸ್ಸಿಗೆ.

ನನಗೆ ಬಂದದ್ದು ಆಹಾರ ಕೆಡದಂತೆ ಕಾಪಾಡುವ ಪಾಠ. ಅದರ ಒಂದು ವಾಕ್ಯ ಈಗಲೂ ನನಗೆ ಬಾಯಿಪಾಠ ಇದೆ: ‘ಕಡಿಮೆ ಉಷ್ಣತೆಯಲ್ಲಿ ಸೂಕ್ಷ್ಮಜೀವಿಗಳ ಚಟುವಟಿಕೆಯು ಕುಂಠಿತಗೊಳ್ಳುವುದರಿಂದ ಆಹಾರ ಪದಾರ್ಥಗಳು ಕೆಡುವ ಪ್ರಕ್ರಿಯೆಯು ವಿಳಂಬವಾಗುತ್ತದೆ.’ ತಪ್ಪೇನೂ ಇಲ್ಲ. ಒಂದೊಂದು ಪದವೂ ಸರಿ. ಆದರೆ ಆರನೇ ತರಗತಿಯ ಮಗು ‘ಕುಂಠಿತಗೊಳ್ಳುವುದರಿಂದ’ ಎಂಬಲ್ಲಿಗೆ ತಲುಪುವ ಹೊತ್ತಿಗೆ ವಾಕ್ಯದ ಆರಂಭವನ್ನೇ ಮರೆತಿರುತ್ತದೆ.

ಓದಿಸಿ ನೋಡುವ ಕ್ರಮ ಹೀಗಿತ್ತು. ಎಂಟು ಮಕ್ಕಳನ್ನು ಆರಿಸುವುದು, ಬರೀ ಜಾಣರನ್ನಲ್ಲ, ಎಲ್ಲ ಬಗೆಯವರನ್ನೂ. ಒಬ್ಬೊಬ್ಬರನ್ನೇ ಕೂರಿಸಿ ಜೋರಾಗಿ ಓದಿಸುವುದು. ತಡವರಿಸಿದ ಪದದ ಕೆಳಗೆ ನಾವು ಗೆರೆ ಎಳೆಯುವುದು. ನೂರು ಪದಕ್ಕೆ ಹತ್ತಕ್ಕಿಂತ ಹೆಚ್ಚು ಗೆರೆ ಬಿದ್ದರೆ ಪಾಠ ಕಷ್ಟ ಎಂದು ಅರ್ಥ. ಆಮೇಲೆ ಇನ್ನೊಂದು ಹಾಳೆಯಲ್ಲಿ ಪ್ರತಿ ಏಳನೆಯ ಪದ ಅಳಿಸಿ, ಬಿಟ್ಟ ಜಾಗ ತುಂಬಿಸಿ ಎನ್ನುವುದು. ಅರ್ಥವಾದರೆ ತುಂಬಿಸುತ್ತಾರೆ, ಇಲ್ಲದಿದ್ದರೆ ಕಿಟಕಿ ನೋಡುತ್ತಾರೆ.

ಮೊದಲ ಕರಡಿಗೆ ಎಂಟೂ ಮಕ್ಕಳು ಕಿಟಕಿ ನೋಡಿದರು. ಎರಡನೆಯದರಲ್ಲಿ ಉದ್ದದ ವಾಕ್ಯಗಳನ್ನು ಮುರಿದೆ. ಮೂರನೆಯದರಲ್ಲಿ ತಂಗಳುಪೆಟ್ಟಿಗೆಯ ಉದಾಹರಣೆ ತೆಗೆದು ಮೀನಿನ ಪೆಟ್ಟಿಗೆ ಹಾಕಿದೆ. ಬ್ರೆಡ್ಡಿನ ಮೇಲಿನ ಬೂಸ್ಟು ತೆಗೆದು ದೋಸೆ ಹಿಟ್ಟು ಹಾಕಿದೆ. ಮಕ್ಕಳ ಮುಖ ಸ್ವಲ್ಪ ಅರಳಿತು. ಆದರೂ ಅನಿಷಾ ಎಂಬ ಹುಡುಗಿ ‘ಸೂಕ್ಷ್ಮಜೀವಿಗಳ ಬೆಳವಣಿಗೆ’ ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ ನಿಲ್ಲುತ್ತಿದ್ದಳು. ತುಟಿ ಕಚ್ಚಿ, ಹಾಳೆಯನ್ನು ಮೆಲ್ಲ ನನ್ನ ಕಡೆಗೆ ಸರಿಸುತ್ತಿದ್ದಳು.

ಅನಿಷಾ ಮೀನು ಮಾರುವ ಗುಲಾಬಿಯ ಮಗಳು. ಬಾಯಿ ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಇಲ್ಲ. ಓದು ಎಂದರೆ ಮಾತ್ರ ದೂರ ಓಡುತ್ತಿದ್ದಳು. ಆರನೇ ತರಗತಿಗೆ ಬಂದರೂ ಒಂದು ಪುಟವನ್ನು ತುದಿಯಿಂದ ತುದಿಗೆ ಸ್ವತಃ ಓದಿದ್ದು ಇರಲಿಲ್ಲ. ಅವಳನ್ನು ಎಂಟು ಜನರಲ್ಲಿ ಸೇರಿಸಿದ್ದೇ ಅದಕ್ಕೆ. ಅವಳು ಓದಿದರೆ ಎಲ್ಲರೂ ಓದಿಯಾರು ಎಂಬುದು ನನ್ನ ಲೆಕ್ಕ.

ನಾಲ್ಕನೆಯ ಕರಡು ಬರೆದದ್ದು ಒಂದು ಭಾನುವಾರ ಮಧ್ಯಾಹ್ನ. ಸೋಮವಾರ ಕೊಡಬೇಕು ಎಂದು ಶೆಟ್ಟರು ಎರಡು ಸಲ ಫೋನ್ ಮಾಡಿದ್ದರು. ವಾರವಿಡೀ ಮಕ್ಕಳ ಗಣತಿಯೋ ಮತಪಟ್ಟಿಯೋ ಏನೋ ಒಂದು ಹಿಡಿದುಕೊಂಡು ಮನೆ ಮನೆ ತಿರುಗಿದ್ದೆ, ಕಾಲು ಜುಮುಗುಡುತ್ತಿತ್ತು. ‘ಬೆಳವಣಿಗೆ ನಿಧಾನವಾಗುತ್ತದೆ’ ಎಂಬುದನ್ನು ಹೇಗೆ ತಿರುವಿದರೂ ಉದ್ದವೇ ಆಗುತ್ತಿತ್ತು. ಕಡೆಗೆ ಬೇಸತ್ತು ಬರೆದೆ: ‘ಮೀನಿಗೆ ಐಸ್ ಹಾಕುತ್ತಾರೆ. ಐಸಿನ ತಂಪಿಗೆ ಕ್ರಿಮಿಗಳು ಸಾಯುತ್ತವೆ. ಮೀನು ಕೆಡುವುದಿಲ್ಲ.’ ಎಷ್ಟು ಚಂದ! ಒಂದು ಸಾಲೂ ನಾಲ್ಕು ಪದ ದಾಟಲಿಲ್ಲ. ಪೆನ್ನು ಇಟ್ಟು ಮಲಗಿಬಿಟ್ಟೆ. ತಂಪಿಗೆ ಕ್ರಿಮಿ ಸಾಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಿ.ಎಸ್ಸಿ.ಯಲ್ಲಿ ಓದಿದ್ದೆ, ಹನ್ನೊಂದು ವರ್ಷ ಕಲಿಸಿದ್ದೆ. ಆದರೆ ಆ ಹೊತ್ತಿಗೆ ನಾನು ಓದುತ್ತಿದ್ದದ್ದು ಅರ್ಥವನ್ನಲ್ಲ, ಪದಗಳ ಸಂಖ್ಯೆಯನ್ನು.

ಮರುದಿನ ಟೈಪ್ ಮಾಡಿಸಿ ತಂದದ್ದನ್ನು ಅನಿಷಾ ಓದಿದಳು. ಹಾಳೆ ಹಿಡಿದು, ಬೆರಳಿಟ್ಟುಕೊಂಡು, ಒಂದೇ ಸಮನೆ. ಇಡೀ ಪುಟಕ್ಕೆ ಮೂರು ಗೆರೆ ಬಿತ್ತು, ಅಷ್ಟೇ. ಬಿಟ್ಟ ಪದಗಳ ಹಾಳೆಯಲ್ಲಿ ‘ಸಾಯುತ್ತವೆ’ ಎಂಬುದನ್ನು ಎಂಟಕ್ಕೆ ಎಂಟೂ ಮಕ್ಕಳು ಸರಿಯಾಗಿ ತುಂಬಿಸಿದ್ದರು. ಓದಿ ಮುಗಿಸಿ ಅವಳು ತಲೆ ಎತ್ತಿ, ‘ಟೀಚರೇ, ಈ ಹಾಳಿ ನಾನ್ ಮನಿಗ್ ತಕಂಡ್ ಹೋಯ್ಲಾ?’ ಎಂದು ಕೇಳಿದಳು. ಹೋಗು ಎಂದೆ. ನನಗೆ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಪುಷ್ಪ ಟೀಚರ್ ಸಹಿ ಹಾಕುತ್ತಾ, ‘ಹತ್ತ್ ಪಾಠದಗೆ ಇದೇ ಚಂದ ಆಯ್ತ್ ಕಾಣಿ, ಸುಗುಣ’ ಎಂದರು. ಹಾಳೆಗಳು ಪ್ರೆಸ್ಸಿಗೆ ಹೋದವು. ಉಮಾನಾಥರು ಇಳಿಸಿದ ಪಾಠವನ್ನು ನೋಡಲಿಲ್ಲ. ನೋಡಬೇಕೆಂದು ನಮೂನೆಯಲ್ಲಿ ಇರಲಿಲ್ಲ. ಅವರ ಸಹಿ ಮೊದಲೇ ಬಿದ್ದಿತ್ತು, ಮತ್ತು ಅವರು ಸಹಿ ಹಾಕಿದ ಅನುವಾದ ಸರಿಯಾಗಿಯೇ ಇತ್ತು.

ಮೂರು ವಾರದ ಮೇಲೆ ಅನಿಷಾ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಿಸಿಯೂಟದ ಹೊತ್ತಿಗೆ ಗುಲಾಬಿ ಬಂದಳು. ಖಾಲಿ ಬುಟ್ಟಿಯನ್ನು ಅಂಗಳದಲ್ಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಜಗಲಿಯ ಕಂಬದ ಹತ್ತಿರ ನಿಂತಳು. ಹಿಂದೆ ಅನಿಷಾ. ಮುಖ ಬಾಡಿತ್ತು.

‘ಬನ್ನಿ ಗುಲಾಬಕ್ಕ. ಎಂತ ಆಯ್ತ್ ಇವ್ಳಿಗೆ?’

‘ವಾಂತಿ ಟೀಚರೇ. ಮೋರೆ ಎಲ್ಲ ಕೆಂಪ್ ಆಯಿ, ತಲಿನೋವ್ ಅಂದ್ಲ್. ಡಾಕ್ಟ್ರ್ ಹತ್ರ ಕರ್ಕಂಡ್ ಹೋಯ್, ಈಗಳ್ ಅಡ್ಡಿಲ್ಲೆ. ಹಾಳಾದ್ ಬಂಗ್ಡಿ ತಿಂದದ್ ಅಂದ್ರ್.’

‘ನಿಮ್ಮ ಮನ್ಯಗೆ ಹಾಳಾದ್ ಬಂಗ್ಡಿಯಾ?’ ಎಂದು ನಾನು ನಕ್ಕೆ. ಬಂದರಿನಲ್ಲಿ ಮೂವತ್ತು ವರ್ಷ ಮೀನು ಮಾರಿದ ಕೈ ಅದು. ಕಿವಿರು ಎತ್ತಿ ನೋಡಬೇಕೆಂದೂ ಇಲ್ಲ, ದೂರದಿಂದಲೇ ಹೇಳುತ್ತಾಳೆ.

ಗುಲಾಬಿ ನಗಲಿಲ್ಲ. ಅವಳು ಹೇಳಿದ್ದು ಇಷ್ಟು. ಶನಿವಾರ ಕರೆಂಟ್ ಇಲ್ಲದೆ ಐಸ್ ಪ್ಲಾಂಟಿನಲ್ಲಿ ಐಸ್ ಇರಲಿಲ್ಲ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬಿದ್ದ ಬಂಗುಡೆಯನ್ನು ಅವಳು ಮಾರಲಿಲ್ಲ, ಒಂದು ಬದಿಗೆ ಎಸೆದಳು. ಸಂಜೆ ಐಸ್ ಬಂತು. ಅಮ್ಮ ಪೇಟೆಗೆ ಹೋಗಿದ್ದಾಗ ಮಗಳು ಎಸೆದ ಮೀನಿನಿಂದ ಆರು ಬಂಗುಡೆ ಆಯ್ದು, ತೊಳೆದು, ಐಸಿನಲ್ಲಿ ಹೂತಿಟ್ಟಳು. ಮರುದಿನ ತಾನೇ ಹುರಿದಳು. ಅಮ್ಮನಿಗೆ ತೋರಿಸಬೇಕೆಂದು. ಅಮ್ಮ ಬೈದದ್ದಕ್ಕೆ ಮಗಳು ಹಾಳೆ ತಂದು ಓದಿದಳಂತೆ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು.

‘ಅಚ್ಚ್ ಮಾಡಿ ಕೊಟ್ಟದ್ ಅಮ್ಮ, ನಿಂಗ್ ಓದುಕ್ ಬತ್ತಿಲ್ಲೆ, ನಿಂಗ್ ಗೊತ್ತಿಲ್ಲೆ ಅಂದ್ಲ್’ ಎಂದಳು ಗುಲಾಬಿ. ‘ನಾನ್ ಸುಮ್ನಾದೆ ಟೀಚರೇ. ಹೆಣ್ ಓದಿದ್ದೇ ಮೊದ್ಲ್. ಎಂತ ಹೇಳುದ್? ನಾನೂ ಒಂದ್ ತುಂಡ್ ತಿಂದೆ. ನಾಲ್ಗಿ ಚುರುಚುರು ಅಂತ್, ಉಗ್ದೆ. ಅವ್ಳ್ ಎರಡ್ ತಿಂದ್ಲ್.’

ನಾನು ಬಡಿಸುವ ಸೌಟು ಕೆಳಗಿಟ್ಟೆ. ನಾನು ಮಾತಾಡುವ ಮೊದಲೇ ಗುಲಾಬಿ ಹತ್ತಿರ ಬಂದು, ಸ್ವರ ಇಳಿಸಿ ಕೇಳಿದಳು.

‘ಟೀಚರೇ, ಒಂದ್ ಕೇಣ್ಕ್ ಅಂದೇಳಿ ಬಂದೆ. ಕ್ರಿಮಿ ಎಲ್ಲ ಸಾಯ್ಕಾರೆ ಎಷ್ಟ್ ಐಸ್ ಹಾಕ್ಕ್? ನಮ್ ಹೆಣ್ ಕಮ್ಮಿ ಹಾಕಿತೇನೋ.’

ಅವಳು ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಿತ್ತು. ಜಗಳವಾಡುವುದು ನನಗೆ ಬರುತ್ತದೆ. ಆದರೆ ಅವಳು ಐಸಿನ ಲೆಕ್ಕ ಕೇಳುತ್ತಿದ್ದಳು. ಅವಳ ಮೂಗು, ಅವಳ ನಾಲಿಗೆ, ಮೂವತ್ತು ವರ್ಷದ ಬಂದರು ಎಲ್ಲವೂ ಒಂದು ಕಡೆ. ನಾನು ಬೇಸತ್ತು ಬರೆದ ಮೂರು ಸಾಲು ಇನ್ನೊಂದು ಕಡೆ. ಅವಳು ನನ್ನ ಮೂರು ಸಾಲನ್ನು ನಂಬಿದ್ದಳು. ಹೌದು, ಐಸ್ ಕಮ್ಮಿಯಾಗಿತ್ತು ಎಂದು ಹೇಳಿದ್ದರೆ ನಮಸ್ಕಾರ ಮಾಡಿ ಹೋಗುತ್ತಿದ್ದಳು. ಅನಿಷಾ ಹಾಳೆಯನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡು ಓದುತ್ತಲೇ ಇರುತ್ತಿದ್ದಳು. ಹಾಗೆ ಹೇಳಿಬಿಡೋಣ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ.

‘ಗುಲಾಬಕ್ಕ, ಐಸ್ ಎಷ್ಟ್ ಹಾಕಿರೂ ಕ್ರಿಮಿ ಸಾಯ್ತಿಲ್ಲೆ’ ಎಂದೆ. ‘ಅದ್ ತಪ್ಪ್. ಬರದ್ದ್ ನಾನೇ. ನೀವ್ ಮೀನ್ ಎಸದ್ದೇ ಸಮ.’

ಗುಲಾಬಿ ಮಗಳ ಮುಖ ನೋಡಿದಳು. ಅನಿಷಾ ನನ್ನ ಮುಖ ನೋಡಿದಳು. ಅವಳ ಕೈಯಲ್ಲಿ ಅದೇ ಹಾಳೆ ಇತ್ತು, ನಾಲ್ಕು ಮಡಿಕೆಯಾಗಿ, ಅಂಚು ಮೆತ್ತಗಾಗಿ. ಎಷ್ಟು ಸಲ ಓದಿದ್ದಳೋ. ಅವಳು ಅದನ್ನು ಜಗಲಿಯ ಮೇಲೆ, ನನ್ನ ಪಕ್ಕ ಇಟ್ಟು, ತಟ್ಟೆ ತರಲು ಒಳಗೆ ಹೋದಳು. ಅಳಲೂ ಇಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಅವತ್ತು ಅರ್ಧ ದಿನ ರಜೆ ಹಾಕಿ, ದೋಣಿ ಹತ್ತಿ, ಕುಂದಾಪುರದಲ್ಲಿ ಇಳಿದು ಸೀದಾ ಭೋಜ ಶೆಟ್ಟರ ಆಫೀಸಿಗೆ ಹೋದೆ. ಶೆಟ್ಟರು ಪ್ರೆಸ್ಸಿಗೆ ಫೋನ್ ಮಾಡಿದರು. ನನ್ನ ಪಾಠವಿದ್ದ ಹದಿನಾರು ಪುಟದ ಹಾಳೆ ಆಗಲೇ ಅಚ್ಚಾಗಿದೆ, ಒಂಬೈನೂರು ಪ್ರತಿ, ಹೊಲಿಗೆಗೆ ಹೋಗಲು ತಯಾರಿದೆ ಎಂದು ಉತ್ತರ ಬಂತು.

ಶೆಟ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಎಲ್ರ ಸಹಿ ಆಯ್ತಲ್ಲೆ ಮಾರಾಯ್ತಿ. ಪೂರಕ ಪುಸ್ತಕ ಇದ್. ಪರೀಕ್ಷಿಗ್ ಬಪ್ಪುದಲ್ಲ. ಅಷ್ಟ್ ಹತ್ರದಗೆ ಯಾರ್ ಓದ್ತ್ರ್?’

‘ಒಬ್ಳ್ ಓದಿದ್ಲ್’ ಎಂದೆ. ‘ಓದಿ, ಆಸ್ಪತ್ರಿಗ್ ಹೋಯಿ ಬಂದ್ಲ್.’

ಶೆಟ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಎರಡೇ ದಾರಿ ಎಂದರು. ಆ ಪಾಠದ ಹಾಳೆ ಕಿತ್ತು ಒಂಬತ್ತು ಪಾಠದ ಪುಸ್ತಕ ಮಾಡುವುದು, ಇಲ್ಲವೇ ತಪ್ಪಿನ ಮೇಲೆ ತಿದ್ದುಪಡಿ ಚೀಟಿ ಅಂಟಿಸುವುದು. ಪ್ರೆಸ್ಸಿನವರು ಚೀಟಿ ಅಚ್ಚು ಮಾಡಿ ಕೊಡುತ್ತಾರೆ, ಅಂಟಿಸುವುದಿಲ್ಲ. ಕಿತ್ತರೆ ಕೆಲಸ ಅಲ್ಲಿಗೆ ಮುಗಿಯುತ್ತದೆ ಎಂದು ಅವರು ನನ್ನ ಮುಖ ನೋಡಿದರು. ನನಗೂ ಅದೇ ಬೇಕಿತ್ತು. ಪಾಠದ ಸಹವಾಸವೇ ಬೇಡವಾಗಿತ್ತು. ಆದರೆ ಹಾಗೆ ಮಾಡಿದರೆ ಅನಿಷಾಳಿಗೆ ಉಳಿಯುವುದು ಏನು? ಓದಿದ ಒಂದೇ ಒಂದು ಪುಟ, ಅದೂ ಸುಳ್ಳು, ಅದೂ ಕಾಣೆ. ಚೀಟಿ ಅಂಟಿಸುತ್ತೇನೆ, ನಾನೇ ಅಂಟಿಸುತ್ತೇನೆ ಎಂದೆ. ಎಂದ ಮೇಲೆ ಒಂಬೈನೂರು ಎಂಬುದು ನೆನಪಾಯಿತು.

ಉಮಾನಾಥರ ಮನೆ ಬ್ರಹ್ಮಾವರದ ಹತ್ತಿರ. ಮರುದಿನ ಸಂಜೆ ಬಸ್ಸಿನಲ್ಲಿ ಹೋದೆ. ಅವರು ನನ್ನ ಪಾಠವನ್ನು ಮೊದಲ ಸಲ ಓದಿದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ.

‘ನಾನ್ ಬರದ್ದನ್ನ್ ಯಾರೂ ಓದುದಿಲ್ಲ, ಹಾಂಗಾಯಿ ತಪ್ಪೂ ಗೊತ್ತಾಪುದಿಲ್ಲ’ ಎಂದರು. ‘ನೀವ್ ಬರದ್ದನ್ನ್ ಮಕ್ಳ್ ಓದ್ತೊ. ಅದೇ ಕಷ್ಟ.’ ಆಮೇಲೆ, ಹುರಿದರೂ ಯಾಕೆ ವಾಂತಿಯಾಯಿತು ಎಂದು ನನಗೇ ಪಾಠ ಮಾಡಿದರು. ಬೇಯಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ಬಿಸಿಲಲ್ಲಿ ಬಿದ್ದ ಬಂಗುಡೆಯಲ್ಲಿ ಕ್ರಿಮಿ ಅಷ್ಟರೊಳಗೆ ಉಂಟುಮಾಡಿಟ್ಟ ವಿಷ ಬೇಯಿಸಿದರೂ ಹೋಗುವುದಿಲ್ಲ, ಐಸ್ ಹಾಕಿದರೂ ಹೋಗುವುದಿಲ್ಲ.

ಅವರ ಜಗಲಿಯಲ್ಲೇ ಕುಳಿತು ಹೊಸದಾಗಿ ಬರೆದೆ. ‘ತಂಪಿನಲ್ಲಿ ಕ್ರಿಮಿಗಳು ಸಾಯುವುದಿಲ್ಲ. ಅವು ಬಹಳ ನಿಧಾನ ಬೆಳೆಯುತ್ತವೆ. ಆದ್ದರಿಂದ ಮೀನು ಬೇಗ ಕೆಡುವುದಿಲ್ಲ. ಐಸ್ ಕರಗಿದರೆ ಅವು ಮತ್ತೆ ಬೇಗ ಬೆಳೆಯುತ್ತವೆ. ಕೆಟ್ಟ ಮೀನು ಐಸಿನಿಂದ ಸರಿಯಾಗುವುದಿಲ್ಲ.’ ಐದು ವಾಕ್ಯ. ಒಂದೂ ಏಳು ಪದ ಮುಟ್ಟಲಿಲ್ಲ. ‘ಬೆಳವಣಿಗೆ’ ಎಂಬ ಪದವೇ ಬೇಕಾಗಲಿಲ್ಲ, ‘ಬೆಳೆಯುತ್ತವೆ’ ಸಾಕಿತ್ತು. ಹತ್ತು ನಿಮಿಷದ ಕೆಲಸ. ಆ ಭಾನುವಾರ ಇನ್ನು ಹತ್ತು ನಿಮಿಷ ಕುಳಿತಿದ್ದರೆ ಆಗುತ್ತಿತ್ತು ಎಂದು ತಿಳಿದಾಗ ನನಗೆ ನನ್ನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಉಮಾನಾಥರು ಕೆಳಗೆ ಸಹಿ ಹಾಕಿದರು, ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೂ.

ಓದಿಸಿ ನೋಡದೆ ಅಚ್ಚಿಗೆ ಕೊಡುವ ಧೈರ್ಯ ಇರಲಿಲ್ಲ. ಏಳು ಮಕ್ಕಳು ಓದಿದರು. ಗೆರೆ ಕಡಿಮೆಯೇ ಬಿತ್ತು. ಅನಿಷಾಳ ಮುಂದೆ ಹಾಳೆ ಇಟ್ಟಾಗ ಅವಳು ಅದನ್ನು ಮುಟ್ಟದೆ, ‘ನಂಗ್ ಬ್ಯಾಡ’ ಎಂದಳು. ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಲು ಯಾವ ಮುಖ ಇತ್ತು ನನಗೆ?

ಪುಸ್ತಕದ ಕಟ್ಟುಗಳು ಬಂದವು. ಚೀಟಿಗಳೂ ಬಂದವು, ದೊಡ್ಡ ಹಾಳೆಯಲ್ಲಿ ಅಚ್ಚಾಗಿ, ಕತ್ತರಿಸಬೇಕಾದಂತೆ. ಶನಿವಾರ ಶಾಲೆ ಬಿಟ್ಟ ಮೇಲೆ ಮೈದಾಹಿಟ್ಟಿನ ಗೋಂದು ಕಾಯಿಸಿ ಕುಳಿತೆ. ನಾಲ್ಕೈದು ಹೆಣ್ಣುಮಕ್ಕಳು ಕತ್ತರಿಸಲು ನಿಂತರು. ಅನಿಷಾ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಬ್ಯಾಗ್ ಇಳಿಸಿ, ಒಳಗೆ ಬಂದಳು. ಕರೆದಿರಲಿಲ್ಲ. ಒಂದು ಪುಸ್ತಕ ಎತ್ತಿಕೊಂಡು ಪುಟ ಹುಡುಕಿದಳು. ಹಳೆಯ ಸಾಲು ಓದಿದಳು, ಚೀಟಿ ಓದಿದಳು. ಅಂಟಿಸಿದಳು. ಇನ್ನೊಂದು ಎತ್ತಿಕೊಂಡು ಅದರಲ್ಲೂ ಹಳೆಯ ಸಾಲು ಓದಿ, ಚೀಟಿ ಓದಿ, ಅಂಟಿಸಿದಳು. ಉಳಿದವರು ಹತ್ತು ಮುಗಿಸುವಾಗ ಅವಳದ್ದು ಮೂರು.

‘ಎಲ್ಲಾ ಒಂದೇ ಚೀಟಿ ಹೆಣೆ. ಓದ್ಕಂತೇ ಕೂಕಂಡ್ರೆ ಎಷ್ಟೊತ್ತಿಗ್ ಮುಗ್ಯುದ್?’ ಎಂದೆ. ಸೊಂಟ ನೋಯುತ್ತಿತ್ತು.

‘ಎಲ್ಲಾದ್ರಗೂ ಒಂದೇ ಬರದ್ದಾ ಕಾಣ್ಕಲ್ದಾ?’ ಎಂದಳು.

ಮೂರೂವರೆಯ ಹೊತ್ತಿಗೆ ಉಳಿದವರು ಹೋದರು. ಇನ್ನೂ ಆರುನೂರರಷ್ಟು ಪುಸ್ತಕ ಉಳಿದಿತ್ತು. ತಲೆ ಎತ್ತಿ ನೋಡಿದರೆ ಅನಿಷಾ ಅಂಟಿಸುವುದನ್ನು ಬಿಟ್ಟು ಬೇರೆ ಪಾಠ ತೆರೆದು ಕುಳಿತಿದ್ದಳು. ಗಾಳಿಯ ಪಾಠ, ಬೈಂದೂರಿನವರು ಇಳಿಸಿದ್ದು. ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು. ಮೊದಲಾದರೆ ತಡವರಿಸಿ ನಿಲ್ಲುತ್ತಿದ್ದಳು. ಈಗ ಓದಿ ಮುಗಿಸಿ ನಿಂತಿದ್ದಳು.

‘ಹಗಲಿನಲ್ಲಿ ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ’ ಎಂದು ಜೋರಾಗಿ ಓದಿದಳು. ‘ಟೀಚರೇ, ಇದ್ ಸಮ ಇತ್ತಾ?’

ನಾನು ಎದ್ದು ಹೋಗಿ ಅವಳ ಹಿಂದೆ ನಿಂತು ಸಾಲು ನೋಡಿದೆ. ಮೇಲೆ ಕೆಳಗೆ ಎರಡು ಸಾಲನ್ನೂ ಓದಿದೆ. ಸರಿಯಾಗಿತ್ತು.

‘ಸಮ ಇತ್ತ್’ ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅಧಿಕಪ್ರಸಂಗವೂ ಅಲ್ಲ. ಕೇಳಲೇಬೇಕಾದ್ದನ್ನು ಕೇಳಿದಳು, ಅಷ್ಟೇ.

‘ನಿಮ್ಗ್ ಹ್ಯಾಂಗ್ ಗೊತ್ತ್?’

ಪುಸ್ತಕದಲ್ಲಿದೆ ಎಂದು ಹೇಳುವ ಹಾಗಿರಲಿಲ್ಲ. ನಾನು ಟೀಚರ್ ಎಂದು ಹೇಳುವ ಹಾಗೂ ಇರಲಿಲ್ಲ. ಗೋಂದಿನ ಕೈ ಒರೆಸಿಕೊಂಡು, ಬಾ ಎಂದು ಅವಳನ್ನು ಕರೆದುಕೊಂಡು ಕಡಲ ದಡಕ್ಕೆ ಹೊರಟೆ. ಅವಳು ಪುಸ್ತಕ ಮುಚ್ಚಲಿಲ್ಲ. ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು ನನ್ನ ಹಿಂದೆ ನಡೆದಳು.